ಒಂದೇ ಪ್ಯಾಕೆಟ್, ಮೂರು ಜನರ ಕಾಲು: ಬಳ್ಳಾರಿಯ ಮನೆಯೊಂದರ ಸಾಕ್ಸ್ ಪ್ರಕರಣ

ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ "ಫ್ರೀ ಸೈಜ್, ಯುಕೆ 6–11" ಎಂದಿತ್ತು. ಕೆಳಗೆ ಸಣ್ಣದಾಗಿ ಕಾಟನ್ 78%, ಪಾಲಿಯಮೈಡ್ 20%, ಎಲಾಸ್ಟೇನ್ 2%. ಬೂದು ಬಣ್ಣ, ಮೀನಖಂಡದ ಕೆಳಗೆ ನಿಲ್ಲುವ ಎತ್ತರ. ಕೌಲ್ ಬಜಾರ್ ಕಡೆಯ ಒಂದು ಮನೆಯವರು ಇಂಥ ಪ್ಯಾಕೆಟ್‌ಗಳನ್ನು ಆಫರ್‌ನಲ್ಲಿ ಬೇರೆ ಕಡೆ ಕೊಂಡಿದ್ದರು. ಮನೆಯ ಮೂವರೂ ಅದನ್ನೇ ಹಾಕಿಕೊಳ್ಳುತ್ತಿದ್ದರು. ತಂದೆಗೆ ಜಾರುತ್ತಿತ್ತು. ಮಗನಿಗೆ ಬೆರಳ ಹತ್ತಿರ ಮುದ್ದೆ ಕಟ್ಟುತ್ತಿತ್ತು. ಅಜ್ಜನಿಗೆ ಬಿಗಿಯುತ್ತಿತ್ತು.

ಮನೆಯ ಯಜಮಾನತಿ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುತ್ತಾರೆ. ಬೆಂಗಳೂರು ರಸ್ತೆಯ ಹತ್ತಿರದ ನನ್ನ ಬನಿಯನ್-ಸಾಕ್ಸ್ ಅಂಗಡಿಗೆ ಮಗನ ಬನಿಯನ್ ತಗೊಳ್ಳಲು ಬಂದವರು, ಮಾತಿಗೆ ಮಾತು ಬಂದು ಈ ವಿಷಯ ತೆಗೆದರು. "ಅಣ್ಣಾ, ಒಂದೇ ಸಾಕ್ಸು ಒಬ್ಬರಿಗೆ ಸಡಿಲ, ಒಬ್ಬರಿಗೆ ಬಿಗಿ ಹೆಂಗ್ ಆಗ್ತದ? ಮಾಲೇ ಖರಾಬಾ?" ಎಂದು ಕೇಳಿದರು. ಮಾಲು ಅಷ್ಟೇನೂ ಕೆಟ್ಟದ್ದಲ್ಲ. ಮನೆಯಲ್ಲಿರುವ ಅಷ್ಟೂ ಸಾಕ್ಸ್ ತನ್ನಿ, ಹಾಕಿಕೊಳ್ಳುವವರನ್ನೂ ಕರೆದುಕೊಂಡು ಬನ್ನಿ ಎಂದೆ. ಭಾನುವಾರ ಸಂಜೆ ಎಲ್ಲರೂ ಬಂದರು. ಒಂದು ಜೊತೆ ಇನ್ನೂ ಹಾಕದೆ ಪ್ಯಾಕೆಟ್‌ನಲ್ಲೇ ಇತ್ತು. ಅದು ಇದ್ದದ್ದರಿಂದಲೇ ಈ ಪ್ರಕರಣ ಬಿಡಿಸಲು ಸಾಧ್ಯವಾಯಿತು. ಹಾಕಿ ಒಗೆದ ಸಾಕ್ಸ್ ಒಂದನ್ನೇ ನೋಡಿದರೆ ತಪ್ಪು ಸೈಜಿನದೋ ಸವೆತದ್ದೋ ಗೊತ್ತಾಗುವುದಿಲ್ಲ. ಹೊಸದು ಪಕ್ಕದಲ್ಲಿದ್ದರೆ ಗೊತ್ತಾಗುತ್ತದೆ.

6–11 ಅಂದರೆ ಎಷ್ಟು ದೂರ

ಸೈಜ್ ನಂಬರಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನಮ್ಮಲ್ಲಿ ಶೂಗಳ ಮೇಲೆ ಇರುವುದು ಹೆಚ್ಚಾಗಿ ಯುಕೆ ನಂಬರು. ಅದರಲ್ಲಿ ಒಂದು ನಂಬರಿನಿಂದ ಇನ್ನೊಂದಕ್ಕೆ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. 6ರಿಂದ 11ಕ್ಕೆ ಐದು ಮೆಟ್ಟಿಲು. ಒಟ್ಟು 4.2 ಸೆಂಟಿಮೀಟರ್. ಒಂದೇ ಸಾಕ್ಸ್ ಇಷ್ಟು ಅಂತರದ ಕಾಲುಗಳಿಗೆಲ್ಲ ಸರಿಹೋಗಬೇಕು ಎಂದು ಪ್ಯಾಕೆಟ್ ಹೇಳುತ್ತಿದೆ.

ಹಿಂದೆ ಹೀಗಿರಲಿಲ್ಲ. ಸಾಕ್ಸ್‌ಗೆ ಅದರದ್ದೇ ನಂಬರು ಇತ್ತು, ಅದು ಪಾದದ ಉದ್ದದ ಇಂಚಿನ ಲೆಕ್ಕ. 10 ಎಂದರೆ ಹತ್ತು ಇಂಚಿನ ಪಾದಕ್ಕೆ. 1950ರ ದಶಕದಲ್ಲಿ ಹಿಗ್ಗುವ ನೈಲಾನ್ ನೂಲು ಬಂತು. ಪ್ಯಾಕೆಟ್ ಮೇಲೆ ಪಾಲಿಯಮೈಡ್ ಎಂದಿರುವುದು ನೈಲಾನೇ. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಲಾಸ್ಟೇನ್ ನೂಲು ಕಂಡುಹಿಡಿದರು. ನಾವು ಲೈಕ್ರಾ ಎಂದು ಕರೆಯುವುದು ಅದನ್ನೇ. ಬಟ್ಟೆ ಹಿಗ್ಗುವಂತಾದ ಮೇಲೆ ಅರ್ಧರ್ಧ ಇಂಚಿಗೆ ಬೇರೆ ಬೇರೆ ಸಾಕ್ಸ್ ಹೆಣೆಯುವ ಅಗತ್ಯ ತಪ್ಪಿತು. ತಯಾರಕರಿಗೂ ಅಂಗಡಿಯವರಿಗೂ ಸ್ಟಾಕ್ ತಲೆನೋವು ಕಮ್ಮಿಯಾಯಿತು. ಫ್ರೀ ಸೈಜ್ ನಿಜವಾಗಿ ಅನುಕೂಲ ಮಾಡಿಕೊಟ್ಟದ್ದು ನಮಗೆ, ಗಿರಾಕಿಗಲ್ಲ ಎಂದು ನನ್ನ ಅಭಿಪ್ರಾಯ.

ಹಳೇ ಇಂಚಿನ ನಂಬರು ಇನ್ನೂ ಪೂರ್ತಿ ಹೋಗಿಲ್ಲ. ಕೆಲವು ಪ್ಯಾಕೆಟ್‌ಗಳ ಮೇಲೆ, ಅದರಲ್ಲೂ ಅಮೆರಿಕದ ಕಡೆಯ ಮಾಲಿನ ಮೇಲೆ, 10–13 ಎಂದಿರುತ್ತದೆ. ಅದು ಶೂ ನಂಬರಲ್ಲ, ಸಾಕ್ಸ್ ನಂಬರು. 10ನೇ ನಂಬರಿನ ಶೂ ಹಾಕುವವರು ಅದನ್ನು ನೋಡಿ "ದೊಡ್ಡ ಸೈಜ್ ಸಿಕ್ತು" ಎಂದು ಆನ್‌ಲೈನ್‌ನಲ್ಲಿ ತರಿಸಿದರೆ ಮನೆಗೆ ಬರುವುದು ಮತ್ತೆ ಅದೇ ಫ್ರೀ ಸೈಜ್. ನಂಬರಿನ ಹಿಂದೆ ಯುಕೆ ಎಂದಿದೆಯಾ, ಇಯು ಎಂದಿದೆಯಾ, ಏನೂ ಇಲ್ಲವಾ ನೋಡಬೇಕು. ಏನೂ ಇಲ್ಲದಿದ್ದರೆ ಸೆಂಟಿಮೀಟರ್ ಕೇಳಿ.

ಹಾಕದೆ ಉಳಿದಿದ್ದ ಜೊತೆಯನ್ನು ಕೌಂಟರ್ ಮೇಲೆ ಹಾಸಿದೆವು. ಹಿಮ್ಮಡಿಯ ಚೀಲ ಒಂದು ಪಕ್ಕಕ್ಕೆ ಮೂಲೆಯಾಗಿ ನಿಲ್ಲುವಂತೆ ಮಡಿಸಿ, ಎಳೆಯದೆ, ಆ ಮೂಲೆಯಿಂದ ಬೆರಳ ತುದಿಯವರೆಗೆ ಟೇಪ್ ಹಿಡಿಯಬೇಕು. ಟೇಪ್ ಹಿಡಿದದ್ದು ಮನೆಯ ಯಜಮಾನತಿಯೇ. ಅವರ ಕೈ ಅಳತೆಗೆ ನನಗಿಂತ ಚೆನ್ನಾಗಿ ಪಳಗಿದೆ. 23 ಸೆಂಟಿಮೀಟರ್ ಬಂತು.

ಸಾಕ್ಸ್ ಪಾದಕ್ಕಿಂತ ಚಿಕ್ಕದಾಗೇ ಇರಬೇಕು. ಸ್ವಲ್ಪ ಹಿಗ್ಗಿದರೇನೇ ಅದು ಕಾಲನ್ನು ಹಿಡಿದುಕೊಳ್ಳುವುದು. ಎಷ್ಟು ಚಿಕ್ಕದು ಎನ್ನುವುದೇ ಪ್ರಶ್ನೆ. ನಾನು ಅಂಗಡಿಯಲ್ಲಿ ಇಟ್ಟುಕೊಂಡಿರುವ ಲೆಕ್ಕ ಹೀಗಿದೆ: ಹಾಸಿ ಅಳೆದ ಉದ್ದಕ್ಕಿಂತ ಪಾದ ಹತ್ತು ಪರ್ಸೆಂಟಿನ ಆಸುಪಾಸು ಜಾಸ್ತಿ ಇದ್ದರೆ ಬಹಳ ಚೆನ್ನ, ಇಪ್ಪತ್ತು ದಾಟಿದರೆ ತಂಟೆ ಶುರು. 23ರ ಸಾಕ್ಸ್‌ಗೆ ಇಪ್ಪತ್ತು ಪರ್ಸೆಂಟ್ ಸೇರಿಸಿದರೆ 27.6. ಅದಕ್ಕಿಂತ ಉದ್ದದ ಪಾದ ಒಳಗೆ ಹೋಗುವುದಿಲ್ಲ ಎಂದಲ್ಲ, ಹೋಗುತ್ತದೆ. ಆದರೆ ಸಾಕ್ಸ್ ನಡೆಯುವಷ್ಟು ಹೊತ್ತೂ ವಾಪಸ್ ಕುಗ್ಗಲು ನೋಡುತ್ತಿರುತ್ತದೆ.

ತಂದೆಯ ಕಾಲು

ಅವರು ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರರು. ಶಿಫ್ಟ್ ಪೂರ್ತಿ ಸೇಫ್ಟಿ ಶೂ. ಅರ್ಧ ದಿನ ಕಳೆಯುವಷ್ಟರಲ್ಲಿ ಸಾಕ್ಸ್ ಶೂ ಒಳಗೆ ಇಳಿದು ಅಂಗಾಲಿನ ನಡುವೆ ಗಂಟು ಕಟ್ಟುತ್ತದೆ, ಅದರಿಂದ ಬಲ ಅಂಗಾಲಿನಲ್ಲಿ ಬೊಬ್ಬೆ ಎದ್ದಿದೆ ಎಂದರು. ಮೇಲಿನ ಪಟ್ಟಿ ಸಡಿಲ ಇರಬೇಕು ಎಂದು ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕಿಕೊಂಡೂ ನೋಡಿದ್ದರು. ಪಟ್ಟಿ ಕಾಲಿಗೆ ಕಚ್ಚಿಕೊಂಡು ನಿಂತಿತು, ಹಿಮ್ಮಡಿ ಮಾತ್ರ ಕೆಳಗಿನಿಂದ ಜಾರುತ್ತಲೇ ಇತ್ತು. ರಬ್ಬರ್ ಬ್ಯಾಂಡ್ ಕೆಲಸ ಮಾಡಲಿಲ್ಲ ಎನ್ನುವುದೇ ಒಂದು ಸುಳಿವು. ಎಳೆತ ಮೇಲಿನಿಂದ ಬರುತ್ತಿರಲಿಲ್ಲ.

ಪೇಪರ್ ಮೇಲೆ ನಿಲ್ಲಿಸಿ, ಗೋಡೆಗೆ ಹಿಮ್ಮಡಿ ತಾಗಿಸಿ ಪಾದ ಅಳೆದೆವು. ಬಲ 28.4, ಎಡ 27.9. ಎರಡು ಪಾದದಲ್ಲಿ ಇಷ್ಟು ವ್ಯತ್ಯಾಸ ಇರುವುದು ಸಾಮಾನ್ಯ, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು. 28.4 ಎಂದರೆ 23ರ ಸಾಕ್ಸ್ ಶೇಕಡಾ 23 ಹಿಗ್ಗಬೇಕು. ಅದೂ ಹೊಸದಾಗಿದ್ದಾಗ. ಕಾಟನ್ ಜಾಸ್ತಿ ಇರುವ ಹೆಣಿಗೆ ಮೊದಲ ಕೆಲವು ಒಗೆತಕ್ಕೆ ಕುಗ್ಗುತ್ತದೆ. ಅವರು ತಂದಿದ್ದ ಹಳೆಯ ಸಾಕ್ಸ್‌ಗಳಲ್ಲಿ ಕೆಲವು 22ಕ್ಕೆ ಬಂದಿದ್ದವು. ಅದನ್ನು ಹಾಕಿದ ದಿನ 29 ಪರ್ಸೆಂಟ್ ಹಿಗ್ಗಬೇಕು.

ಹೆಣಿಗೆ ಬಟ್ಟೆ ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗುವುದಿಲ್ಲ. ಸಾದಾ ಹೆಣಿಗೆ ಅಗಲಕ್ಕೆ ಹಿಗ್ಗುವುದರ ಸುಮಾರು ಅರ್ಧದಷ್ಟೇ ಉದ್ದಕ್ಕೆ ಹಿಗ್ಗುತ್ತದೆ. ಸಾಕ್ಸ್ ಅಂಗಡಿಯಲ್ಲಿ ಎಲ್ಲರೂ ಎರಡು ಕೈಯಲ್ಲಿ ಅಡ್ಡಕ್ಕೆ ಎಳೆದು "ಚೆನ್ನಾಗಿ ಎಳೀತದ" ಎಂದು ಖುಷಿಪಡುತ್ತಾರೆ. ಕಾಲು ಎಳೆಯುವುದು ಉದ್ದಕ್ಕೆ. ಬೆರಳ ತುದಿ ಮತ್ತು ಹಿಮ್ಮಡಿ ಮೂಲೆ ಹಿಡಿದು ಎಳೆದು ನೋಡಬೇಕು, ಆಗ ಬಟ್ಟೆ ಎಲ್ಲಿ ಸಾಕು ಎನ್ನುತ್ತದೋ ಕೈಗೆ ತಿಳಿಯುತ್ತದೆ.

ಇಷ್ಟು ಬಿಗಿಯಾಗಿ ಎಳೆದುಕೊಂಡ ಸಾಕ್ಸ್ ಎಲ್ಲಿ ಸೋಲುತ್ತದೆ? ಬೆರಳ ತುದಿ ಮುಚ್ಚಿದೆ, ಅಲ್ಲಿಂದ ಜಾರುವ ದಾರಿ ಇಲ್ಲ. ಹಿಂದಿನ ಕಡೆ ತೆರೆದಿದೆ. ಹಾಗಾಗಿ ಹಿಮ್ಮಡಿ ಚೀಲವೇ ಮುಂದಕ್ಕೆ ಬರುತ್ತದೆ, ಹಿಮ್ಮಡಿಯ ಹಿಂದಿನಿಂದ ಕೆಳಗೆ, ಕೆಳಗಿನಿಂದ ಅಂಗಾಲಿಗೆ. ಅದು ಹೊರಟ ಮೇಲೆ ಕಣಕಾಲಿನ ಬಟ್ಟೆಯೂ ಅದರ ಹಿಂದೆ ಇಳಿಯುತ್ತದೆ. ಆ ಬಟ್ಟೆಯೆಲ್ಲ ಅಂಗಾಲಿನ ಗುಳಿಯಲ್ಲಿ ಸೇರಿ ಗಂಟಾಗುತ್ತದೆ. ಗಂಟು ಕಂಡವರು ಸಾಕ್ಸ್ ದೊಡ್ಡದಾಯಿತು ಎಂದುಕೊಂಡು ಇನ್ನೂ ಚಿಕ್ಕದು ಕೇಳುತ್ತಾರೆ. ಗಂಟು ಎಲ್ಲಿದೆ ನೋಡಿ. ಅಂಗಾಲಿನ ನಡುವೆ ಇದ್ದರೆ ಸಾಕ್ಸ್ ಹಿಂದಿನಿಂದ ಬಂದಿದೆ, ಚಿಕ್ಕದಿರಬಹುದು. ಬೆರಳ ತುದಿಯಲ್ಲಿದ್ದರೆ ಅಲ್ಲೇ ಬಟ್ಟೆ ಉಳಿದಿದೆ, ದೊಡ್ಡದಿರಬಹುದು.

"ಇರಬಹುದು" ಎಂದು ಹೇಳಲು ಕಾರಣ ಶೂ. ಶೂ ಸಡಿಲ ಇದ್ದರೂ ಸಾಕ್ಸ್ ಇದೇ ರೀತಿ ಇಳಿಯುತ್ತದೆ. ಹೆಜ್ಜೆ ಎತ್ತಿದಾಗ ಹಿಮ್ಮಡಿ ಶೂ ಒಳಗೆ ಮೇಲೇಳುತ್ತದೆ, ಶೂವಿನ ಹಿಂಭಾಗದ ಒಳಬಟ್ಟೆ ಸಾಕ್ಸ್ ಅನ್ನು ಹಿಡಿದುಕೊಳ್ಳುತ್ತದೆ. ಕಾಲು ಮೇಲೆ, ಸಾಕ್ಸ್ ಅಲ್ಲೇ. ಪ್ರತಿ ಹೆಜ್ಜೆಗೂ ಕೂದಲೆಳೆಯಷ್ಟು ಇಳಿದರೂ ಒಂದು ಶಿಫ್ಟಿನ ನಡಿಗೆಗೆ ಪೂರ್ತಿ ಇಳಿಯುತ್ತದೆ. ಎರಡರಲ್ಲಿ ತಪ್ಪು ಯಾರದ್ದು ಎಂದು ಬೇರೆ ಮಾಡಲು ಒಂದು ಸುಲಭದ ಪರೀಕ್ಷೆ ಇದೆ.

ಹೊಸ ಸಾಕ್ಸ್ ಹಾಕಿಸಿ, ಹಿಮ್ಮಡಿಯ ಹಿಂದೆ ಸರಿಯಾಗಿ ನಡುಮಧ್ಯಕ್ಕೆ ಬಾಲ್‌ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟೆ. ಮೊದಲು ಶೂ ಇಲ್ಲದೆ ಅಂಗಡಿಯ ಟೈಲ್ಸ್ ಮೇಲೆ ಓಡಾಡಿಸಿದೆ. ಚುಕ್ಕೆ ಒಂದು ಬೆರಳಗಲ ಕೆಳಗೆ ಬಂತು. ಅಂದರೆ ಶೂ ಪಾತ್ರ ಇಲ್ಲದೆಯೂ ಸಾಕ್ಸ್ ಎಳೆಯುತ್ತಿದೆ, ಚಿಕ್ಕದು ಎನ್ನುವುದು ಖಾತ್ರಿ. ಆಮೇಲೆ ಸಾಕ್ಸ್ ಮೇಲಕ್ಕೆ ಎಳೆದು ಚುಕ್ಕೆಯನ್ನು ಜಾಗಕ್ಕೆ ತಂದು, ಅವರ ಶೂ ಹಾಕಿಸಿ ರಸ್ತೆಯ ಕೊನೆವರೆಗೆ ಹೋಗಿ ಬನ್ನಿ ಎಂದೆ. ಬಂದು ಬಿಚ್ಚಿದಾಗ ಚುಕ್ಕೆ ಹಿಂದೆ ಕಾಣಲೇ ಇಲ್ಲ. ಪಾದ ತಿರುಗಿಸಿದರೆ ಅಂಗಾಲಿನ ಕಡೆ ಇತ್ತು. ಅಷ್ಟು ಕಮ್ಮಿ ನಡಿಗೆಗೆ ಅಷ್ಟು ದೂರ ಸಾಕ್ಸ್ ಒಂದೇ ಕಾರಣಕ್ಕೆ ಬರುವುದಿಲ್ಲ. ಶೂವೂ ಪಾಲುದಾರ.

ಶೂ ನೋಡಿದರೆ 11ನೇ ನಂಬರು. 28.4ರ ಪಾದಕ್ಕೆ 10 ಸಾಕಿತ್ತು. "ಮುಂದೆ ಕಬ್ಬಿಣದ ಟೋಪಿ ಬೆರಳಿಗೆ ಬಡೀತದ್ರೀ, ಅದಕ್ಕೇ ಒಂದು ನಂಬರ್ ದೊಡ್ಡದು ತಗೊಂಡೆ" ಎಂದರು. ಸ್ಟೀಲ್ ಟೋ ಹಿಗ್ಗುವುದಿಲ್ಲ, ಹಾಗಾಗಿ ಅಗಲ ಸಾಲದವರು ಉದ್ದದಲ್ಲಿ ಜಾಗ ಹುಡುಕುತ್ತಾರೆ. ಬೆರಳಿಗೆ ಜಾಗ ಸಿಗುತ್ತದೆ, ಹಿಮ್ಮಡಿ ಸಡಿಲವಾಗುತ್ತದೆ. ಇದರ ಮೇಲೆ ಇನ್ನೊಂದು ಅಭ್ಯಾಸ. ಲೇಸ್ ಬಿಚ್ಚದೆ ಕಾಲು ತೂರಿಸಲು ಮೇಲಿನ ಎರಡು ತೂತು ಖಾಲಿ ಬಿಟ್ಟಿದ್ದರು. ಬೆಳಿಗ್ಗೆ ಕಂಪನಿ ಬಸ್ ಹಿಡಿಯುವ ಅವಸರ, ಯಾರು ಲೇಸ್ ಕಟ್ಟುತ್ತಾ ಕೂರುತ್ತಾರೆ! ಆದರೆ ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಹಿಡಿಯುವುದೇ ಆ ಮೇಲಿನ ಎರಡು ತೂತು. ಶೂವಿನ ಹಿಂಭಾಗದ ಒಳಬಟ್ಟೆ ಬಲಗಡೆಯದು ಉಜ್ಜಿ ಉಜ್ಜಿ ಹರಿದು, ಅಂಚು ಎದ್ದು ನಿಂತಿತ್ತು. ಸಾಕ್ಸ್ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಬೊಬ್ಬೆ ಬಲಗಾಲಿಗೇ ಯಾಕೆ ಎನ್ನುವುದಕ್ಕೆ ಇದೂ ಒಂದು ಉತ್ತರ, ಉದ್ದದ ಪಾದ ಬಲದ್ದು ಎನ್ನುವುದು ಇನ್ನೊಂದು.

ಬೆವರನ್ನೂ ಸೇರಿಸಿಕೊಳ್ಳಿ. ಬಳ್ಳಾರಿ ಬೇಸಿಗೆಯಲ್ಲಿ ಪ್ಯೂರ್ ಕಾಟನ್ ಕೊಡಿ ಎನ್ನದ ಗಿರಾಕಿ ಅಪರೂಪ. ಕಾಟನ್ ಬೆವರು ಹೀರುತ್ತದೆ ನಿಜ, ಆದರೆ ಹೀರಿದ್ದನ್ನು ಬಿಡುವುದಿಲ್ಲ. ಗಾಳಿಯಾಡದ ಸೇಫ್ಟಿ ಶೂ ಒಳಗೆ ಅದು ದಿನವಿಡೀ ಒದ್ದೆಯೇ. ಒದ್ದೆ ಕಾಟನ್ ಎಳೆದ ಕಡೆ ಹಿಗ್ಗಿ ಅಲ್ಲೇ ಉಳಿಯುತ್ತದೆ, ಒದ್ದೆ ಚರ್ಮದ ಮೇಲೆ ಉಜ್ಜಿದರೆ ಬೊಬ್ಬೆ ಬೇಗ ಏಳುತ್ತದೆ. ಕಾಟನ್ ನೂಲಿಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುವ ಗುಣ ಬಹಳ ಕಮ್ಮಿ. ಹಿಗ್ಗುವುದು ಹೆಣಿಗೆಯ ಕುಣಿಕೆಗಳು, ಮತ್ತೆ ವಾಪಸ್ ಎಳೆದುಕೊಳ್ಳುವುದು ಆ ಎರಡು ಪರ್ಸೆಂಟ್ ಎಲಾಸ್ಟೇನ್ ಮತ್ತು ನೈಲಾನ್. ಎಲಾಸ್ಟೇನೇ ಇಲ್ಲದ ನೂರು ಪರ್ಸೆಂಟ್ ಕಾಟನ್ ಸಾಕ್ಸ್ ಅನ್ನು ಶಿಫ್ಟ್ ಕೆಲಸಕ್ಕೆ ನಾನು ಕೊಡುವುದಿಲ್ಲ, ಕೇಳಿದರೂ.

ಮಗನ ದೂರು, ಬುಟ್ಟಿಯ ಕಥೆ

ಹುಡುಗ ಪಿಯುಸಿ. ಪಾದ 24.6, ಶೂ 6ನೇ ನಂಬರು. ಹೊಸ ಸಾಕ್ಸ್ ಹಾಕಿಸಿ ನೋಡಿದರೆ ಹಿಗ್ಗುವುದು ಏಳು ಪರ್ಸೆಂಟ್. ನನ್ನ ಲೆಕ್ಕಕ್ಕಿಂತ ತುಸು ಕಮ್ಮಿ, ಆದರೂ ಕಾಲಿಗೆ ಚೆನ್ನಾಗೇ ಕೂತಿತು. ಬೆರಳ ತುದಿಯಲ್ಲಿ ಹಿಡಿದು ಎಳೆದರೆ ಮಡಿಕೆ ಸಿಗಲಿಲ್ಲ. ಹಾಗಿದ್ದರೆ ಮುದ್ದೆ ಎಲ್ಲಿಂದ ಬರುತ್ತದೆ?

"ದಿನಾ ಆಗಲ್ಲ ಅಂಕಲ್, ಕೆಲವು ದಿನ ಆಗ್ತದೆ" ಎಂದ. ಇದೇ ಮುಖ್ಯ ಮಾತು. ಕಾಲು ದಿನಕ್ಕೊಂದು ಸೈಜ್ ಆಗುವುದಿಲ್ಲ, ಸಾಕ್ಸ್ ಆಗುತ್ತಿರಬೇಕು.

ತಂದಿದ್ದ ಹಳೆಯವನ್ನೆಲ್ಲ ಕೌಂಟರ್ ಮೇಲೆ ಸಾಲಾಗಿ ಹಾಸಿದೆವು, ಹಿಮ್ಮಡಿ ಮೂಲೆಗಳೆಲ್ಲ ಒಂದು ಗೆರೆಗೆ ಬರುವಂತೆ. ಕಣ್ಣಿಗೇ ಕಂಡಿತು. ಒಂದೇ ಬಣ್ಣ, ಒಂದೇ ಹೆಣಿಗೆ, ಒಂದೇ ಪ್ಯಾಕೆಟ್. ಆದರೆ ಕೆಲವು 22ರಲ್ಲಿ ನಿಂತಿದ್ದವು, ನಾಲ್ಕು ಮಾತ್ರ 25ರವರೆಗೆ ಚಾಚಿಕೊಂಡಿದ್ದವು. ಆ ನಾಲ್ಕರ ಹಿಮ್ಮಡಿ ಜೋತುಬಿದ್ದಿತ್ತು. ಒಳಗೆ ತಿರುಗಿಸಿದಾಗ ಕೂದಲಿನಂಥ ಹೊಳೆಯುವ ಎಳೆಗಳು ಸುರುಳಿ ಸುರುಳಿಯಾಗಿ ಹೊರಗೆ ಬಂದಿದ್ದವು. ಅವು ತುಂಡಾದ ಎಲಾಸ್ಟೇನ್. ಪಟ್ಟಿಯನ್ನು ಎಳೆದು ಬಿಟ್ಟರೆ ವಾಪಸ್ ಬರಲು ಮನಸ್ಸಿಲ್ಲದಂತೆ ನಿಧಾನಕ್ಕೆ ಬರುತ್ತಿತ್ತು.

ಆಕೆ ಅದನ್ನು ಕೈಗೆ ತಗೊಂಡು, "ಮೊಣಕಾಲು ಉಬ್ಬಿದ ಸ್ಟ್ರೆಚ್ ಪ್ಯಾಂಟಿನ ಹಂಗಾಗ್ಯದ. ಲೈಕ್ರಾ ಸತ್ತದ" ಎಂದರು. ನಾನು ಹತ್ತು ಮಾತಿನಲ್ಲಿ ಹೇಳಬೇಕಿದ್ದದ್ದು ಅಷ್ಟರಲ್ಲೇ ಮುಗಿಯಿತು.

ಆ ನಾಲ್ಕು ತಂದೆಯವು. ಮೊದಮೊದಲು ಡ್ಯೂಟಿ ಬಟ್ಟೆ ಬೇರೆ ನೆನೆಹಾಕುತ್ತಿದ್ದರಂತೆ, ಬೆವರಿನ ವಾಸನೆ ಹೋಗಲೆಂದು ಕುದಿಯುವ ನೀರಿನಲ್ಲಿ. ಒಣಗಿಸುವುದು ಮಾಳಿಗೆಯ ಮೇಲೆ, ಸಂಜೆವರೆಗೂ ಬಿಸಿಲಲ್ಲೇ. ದಿನವಿಡೀ ಮಿತಿಮೀರಿ ಹಿಗ್ಗುವುದು, ರಾತ್ರಿ ಬಿಸಿನೀರು, ಹಗಲು ಬಳ್ಳಾರಿ ಬಿಸಿಲು. ಎಲಾಸ್ಟೇನ್‌ಗೆ ಇವೆಲ್ಲ ಆಗಿಬರುವುದಿಲ್ಲ. ಬ್ಲೀಚಿಂಗ್ ಪುಡಿ ಹಾಕುವವರ ಮನೆಯಲ್ಲಿ ಇನ್ನೂ ಬೇಗ ಸಾಯುತ್ತದೆ, ಇವರು ಹಾಕುತ್ತಿರಲಿಲ್ಲ. ನಡುವೆ ಮನೆಯಲ್ಲಿ ಮದುವೆ ಗದ್ದಲದಲ್ಲಿ ಎಲ್ಲರ ಬಟ್ಟೆಯೂ ಒಂದೇ ಬುಟ್ಟಿಗೆ ಬಿತ್ತು. ಅಲ್ಲಿಂದ ಮುಂದೆ ಬೆಳಿಗ್ಗೆ ಯಾರ ಕೈಗೆ ಯಾವುದು ಸಿಗುತ್ತದೋ ಅದು. ಮಗನಿಗೆ 25ರದ್ದು ಸಿಕ್ಕ ದಿನ 24.6ರ ಪಾದಕ್ಕೆ ಸಾಕ್ಸ್ ಹಿಗ್ಗುವುದೇ ಇಲ್ಲ, ಉಳಿದ ಬಟ್ಟೆ ಬೆರಳಿಗೆ ಬರುತ್ತದೆ. ತಂದೆಗೆ 22ರದ್ದು ಸಿಕ್ಕ ದಿನ ಬೊಬ್ಬೆ. ತಂದೆಗೆ ತನ್ನದೇ 25ರದ್ದು ಸಿಕ್ಕರೂ ಸುಖವಿಲ್ಲ. ಉದ್ದ ಸಾಕಾಯಿತು, ಹಿಡಿತ ಹೋಯಿತು, ಸಡಿಲ ಶೂ ಅದನ್ನು ಇನ್ನೂ ಸಲೀಸಾಗಿ ಎಳೆದುಕೊಳ್ಳುತ್ತದೆ. ಚಿಕ್ಕದಾಗಿಯೂ ಜಾರುತ್ತದೆ, ಸತ್ತೂ ಜಾರುತ್ತದೆ. ಎರಡನ್ನೂ ಬೇರೆ ಮಾಡಲು ಹಾಸಿ ಅಳೆದು ನೋಡುವುದೊಂದೇ ದಾರಿ.

ಅಜ್ಜನ ಪಟ್ಟಿ

ಅಜ್ಜನ ಪಾದ 25.4. ಹೊಸ ಸಾಕ್ಸ್‌ಗೆ ಹತ್ತು ಪರ್ಸೆಂಟ್ ಹಿಗ್ಗು. ಪುಸ್ತಕದಲ್ಲಿ ಬರೆದಿಟ್ಟಂಥ ಸೈಜು. ಹಿಮ್ಮಡಿ ಒಡಕಿಗೆ ವ್ಯಾಸಲಿನ್ ಹಚ್ಚಿ ರಾತ್ರಿ ಸಾಕ್ಸ್ ಹಾಕಿಕೊಂಡು ಮಲಗುತ್ತಾರೆ. ಬೆಳಿಗ್ಗೆ ಪಟ್ಟಿಯ ಜಾಗದಲ್ಲಿ ಆಳವಾದ ಗೆರೆ, ಬಹಳ ಹೊತ್ತು ಹೋಗುವುದಿಲ್ಲ.

ಶೂ ನಂಬರು ಪಾದದ ಉದ್ದ ಹೇಳುತ್ತದೆ, ಕಾಲಿನ ದಪ್ಪ ಹೇಳುವುದಿಲ್ಲ. ಸಾಕ್ಸ್ ಹೆಣೆಯುವುದು ಉರುಳೆ ಆಕಾರದ ಮಷಿನ್‌ನಲ್ಲಿ, ಸುತ್ತಲೂ ಸೂಜಿಗಳು. ಸೂಜಿಗಳ ಸಂಖ್ಯೆ ಆ ಮಷಿನ್‌ಗೆ ಗಟ್ಟಿ, ಗಂಡಸರ ಸಾಕ್ಸ್‌ಗೆ 144, 168, 200 ಹೀಗೆ. ಸೈಜ್ ದೊಡ್ಡದು ಮಾಡಬೇಕಾದರೆ ಪಾದದ ಭಾಗದಲ್ಲಿ ಇನ್ನಷ್ಟು ಸಾಲು ಹೆಣೆಯುತ್ತಾರೆ. ಉದ್ದ ಬೆಳೆಯುತ್ತದೆ, ಸುತ್ತಳತೆಯ ಸೂಜಿ ಅಷ್ಟೇ ಇರುತ್ತದೆ. ಹಾಗಾಗಿ "ಕಾಲಿಗೆ ಬಿಗಿ ಆಗ್ತದೆ, ಒಂದು ಸೈಜ್ ದೊಡ್ಡದು ಕೊಡಿ" ಎಂದವರಿಗೆ ದೊಡ್ಡದು ಕೊಟ್ಟರೆ ಬಿಗಿ ಅಷ್ಟೇನೂ ಕಮ್ಮಿಯಾಗದೆ, ಬೆರಳ ಹತ್ತಿರ ಮುದ್ದೆ ಹೊಸದಾಗಿ ಸೇರಿಕೊಳ್ಳಬಹುದು.

ಪಟ್ಟಿಯನ್ನು ಹಾಸಿ ಅಳೆದರೆ 8 ಸೆಂಟಿಮೀಟರ್, ಸುತ್ತಳತೆ 16. ಮಗನ ಕಾಲು ಆ ಎತ್ತರದಲ್ಲಿ 20. ಅಜ್ಜನದು ಸಂಜೆ ಅಂಗಡಿಗೆ ಬಂದಾಗ 25.5. ಮನೆಯಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಅಳೆಯಿರಿ ಎಂದಿದ್ದೆ, 23 ಬಂತೆಂದು ಆಮೇಲೆ ತಿಳಿಸಿದರು. ಪಟ್ಟಿ ಮಗನ ಕಾಲಿಗೆ ಕಾಲುಭಾಗ ಹಿಗ್ಗಿದರೆ, ಅಜ್ಜನ ಸಂಜೆ ಕಾಲಿಗೆ ಅರ್ಧಕ್ಕಿಂತ ಜಾಸ್ತಿ ಹಿಗ್ಗಬೇಕು.

ಬೆಳಿಗ್ಗೆಗೂ ಸಂಜೆಗೂ ಅಷ್ಟು ವ್ಯತ್ಯಾಸ ನನಗೆ ಹಿಡಿಸಲಿಲ್ಲ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರೆ ಗುಳಿ ಹಾಗೇ ಉಳಿಯಿತು. ಅದು ನೀರು ತುಂಬಿದ ಊತ. ಸಾಕ್ಸ್ ಅಂಗಡಿಯಲ್ಲಿ ಅದಕ್ಕೆ ಔಷಧಿ ಇಲ್ಲ, ಮೊದಲು ಡಾಕ್ಟರ್‌ಗೆ ತೋರಿಸಿ ಎಂದೆ. ಸಕ್ಕರೆ ಕಾಯಿಲೆಯೂ ಇದೆ ಎಂದ ಮೇಲೆ ಇನ್ನೂ ಒತ್ತಿ ಹೇಳಿದೆ. ಅಂಥವರಿಗೆ ಪಾದದ ಸ್ಪರ್ಶ ಕಮ್ಮಿಯಾಗಿರಬಹುದು, ಬಿಗಿಯಾಗಲಿ ಮಡಿಕೆಯಾಗಲಿ ನೋವಿನಿಂದ ತಿಳಿಸುವುದಿಲ್ಲ. ಊತಕ್ಕೆ ಎಂದು ಮಾರುವ ಬಿಗಿ ಸಾಕ್ಸ್ ಅನ್ನು ಸ್ವಂತ ಬುದ್ಧಿಯಿಂದ ಕೊಳ್ಳಬಾರದು. ಅದನ್ನು ಶೂ ನಂಬರಿಗಲ್ಲ, ಕಣಕಾಲು ಮತ್ತು ಮೀನಖಂಡದ ಸುತ್ತಳತೆಗೆ ಅಳೆದು ಡಾಕ್ಟರ್ ಹೇಳಿದ ಮೇಲೆ ಕೊಡುವುದು.

ಮನೆಯಲ್ಲಿ ಮಾಡುವ ಎರಡು ಕೆಲಸ ಬೇಡವೆಂದೆ. ಪಟ್ಟಿಯನ್ನು ಕೆಳಕ್ಕೆ ಮಡಚುವುದು ಒಂದು. ಮಡಚಿದರೆ ಬಿಗಿ ಎರಡು ಪದರ ಆಗುತ್ತದೆ. ಕತ್ತರಿಯಲ್ಲಿ ಇಲಾಸ್ಟಿಕ್ ಕತ್ತರಿಸುವುದು ಇನ್ನೊಂದು. ಅಲ್ಲಿಂದ ಹೆಣಿಗೆ ಬಿಚ್ಚಿಕೊಂಡು ಎಳೆಗಳು ಬೆರಳಿಗೆ ಸುತ್ತಿಕೊಳ್ಳುತ್ತವೆ. ವ್ಯಾಸಲಿನ್ ಪಟ್ಟಿಗೆ ತಾಗದಂತೆಯೂ ನೋಡಿಕೊಳ್ಳಬೇಕು. ರಬ್ಬರ್ ಎಳೆ ಇರುವ ಪಟ್ಟಿ ಅದರಿಂದ ಮೆತ್ತಗಾಗಿ ಹಾಳಾಗುತ್ತದೆ.

ಕೊಟ್ಟದ್ದೇನು, ಆದದ್ದೇನು

ಅಜ್ಜನಿಗೆ ಮೇಲೆ ಇಲಾಸ್ಟಿಕ್ ಪಟ್ಟಿಯೇ ಇಲ್ಲದ, ಅಗಲ ರಿಬ್ ಹೆಣಿಗೆಯ ಸಾಕ್ಸ್. ಸುತ್ತಳತೆ 22 ಇತ್ತು, ಸಂಜೆ ಕಾಲಿಗೂ ಹದಿನಾರು ಪರ್ಸೆಂಟ್ ಹಿಗ್ಗಿದರೆ ಸಾಕು. ಮಲಗುವಾಗ ಹಾಕುವುದಾದ್ದರಿಂದ ಸ್ವಲ್ಪ ಇಳಿದರೂ ಯಾರಿಗೂ ತೊಂದರೆ ಇಲ್ಲ. ಬೆರಳ ಹೊಲಿಗೆ ಉಜ್ಜದಂತೆ ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಲು ಹೇಳಿದೆ.

ಮಗನಿಗೆ ಹೊಸದೇನೂ ಬೇಕಿರಲಿಲ್ಲ. 22ರಲ್ಲಿ ನಿಂತಿದ್ದವೆಲ್ಲ ಅವನಿಗೆ, 25ರ ನಾಲ್ಕು ಗಾಡಿ ಒರೆಸಲು. ಹಾಕದ ಜೊತೆಯೂ ಅವನಿಗೇ.

ತಂದೆಗೆ ಕೊಟ್ಟದ್ದು ಯುಕೆ 9–11 ಎಂದು ಕಿರಿದಾದ ಅಂತರ ಬರೆದಿರುವ, ಇಯು ಲೆಕ್ಕದಲ್ಲಿ 43–46ರ ಸಾಕ್ಸ್. ಲೇಬಲ್ ನಂಬದೆ ಹಾಸಿ ಅಳೆದೆವು, 25.5 ಬಂತು. 28.4ಕ್ಕೆ ಹನ್ನೊಂದು ಪರ್ಸೆಂಟ್ ಹಿಗ್ಗು. ಕಾಟನ್ ಕಮ್ಮಿ, ಪಾಲಿಯಮೈಡ್ ಜಾಸ್ತಿ, ಅಂಗಾಲು ಮತ್ತು ಹಿಮ್ಮಡಿ ಟವೆಲ್ ತರಹ ಕುಣಿಕೆ ಬಿಟ್ಟು ಹೆಣೆದದ್ದು. ಆ ದಪ್ಪ ಸಡಿಲ ಶೂವಿನ ಖಾಲಿ ಜಾಗವನ್ನೂ ಒಂದಿಷ್ಟು ತುಂಬುತ್ತದೆ. ಎತ್ತರ ಶೂವಿನ ಅಂಚಿಗಿಂತ ಮೇಲೆ ಬರಬೇಕು, ಅಂಚಿನಲ್ಲೇ ನಿಲ್ಲುವ ಸಾಕ್ಸ್‌ನ ಪಟ್ಟಿಯನ್ನು ಶೂ ಉಜ್ಜಿ ಒಳಕ್ಕೆ ತಳ್ಳುತ್ತದೆ. ಶೂ ಒಳಗೆ ತೆಳು ಇನ್‌ಸೋಲ್ ಹಾಕಿಸಿದೆವು, ಹರಿದ ಒಳಬಟ್ಟೆಯ ಅಂಚನ್ನು ಚಪ್ಪಲಿ ರಿಪೇರಿಯವರ ಹತ್ತಿರ ಅಂಟಿಸಿ ಹೊಲಿಸಿದರು. ಲೇಸ್ ಮೇಲಿನ ತೂತಿನವರೆಗೆ ಕಟ್ಟುವುದಕ್ಕೆ ಮಾತ್ರ ಅವರನ್ನು ಒಪ್ಪಿಸಲು ನನಗಿಂತ ಆಕೆಗೆ ಜಾಸ್ತಿ ಶ್ರಮವಾಯಿತು.

ಬೆಲೆ ಜಾಸ್ತಿಯಾಯಿತು, ಸುಳ್ಳೇಕೆ ಹೇಳಲಿ. ಒಂದು ಜೊತೆಗೆ ಕೊಟ್ಟ ದುಡ್ಡಿನಲ್ಲಿ ಆಫರ್ ಪ್ಯಾಕೆಟ್ ಪೂರ್ತಿ ಬರುತ್ತಿತ್ತು. ಹಾಗಾಗಿ ಮೊದಲು ಎರಡೇ ಜೊತೆ ಒಯ್ದರು. ಒಂದು ಶಿಫ್ಟ್ ಪೂರ್ತಿ ಚುಕ್ಕೆ ಇಟ್ಟುಕೊಂಡು ಹೋಗಿ ಬಂದಾಗ ಚುಕ್ಕೆ ಅರ್ಧ ಬೆರಳಗಲ ಇಳಿದಿತ್ತು, ಹಿಮ್ಮಡಿಯ ಮೇಲೇ ಇತ್ತು. ಬೊಬ್ಬೆ ಒಣಗಿತು. ಒಗೆಯುವುದು ಈಗ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ, ಒಳಮೈ ಹೊರಗೆ ತಿರುಗಿಸಿ. ವಾಸನೆ ಒಳಗಡೆ ಇರುವುದರಿಂದ ಸೋಪು ಅಲ್ಲಿಗೇ ಹೋಗಬೇಕು. ಒಣಗಿಸುವುದು ಮೆಟ್ಟಿಲ ಕೆಳಗಿನ ನೆರಳಲ್ಲಿ, ಬೆರಳ ತುದಿಗೆ ಕ್ಲಿಪ್ ಹಾಕಿ. ಪಟ್ಟಿಗೆ ಕ್ಲಿಪ್ ಹಾಕಿದರೆ ಒದ್ದೆ ಸಾಕ್ಸ್‌ನ ಭಾರವೆಲ್ಲ ಇಲಾಸ್ಟಿಕ್ ಮೇಲೆ ಬೀಳುತ್ತದೆ. ಬುಟ್ಟಿ ಮತ್ತೆ ಕಲಸಿಹೋಗಬಾರದೆಂದು ಆಕೆ ಯೂನಿಟ್‌ನಿಂದ ಉಳಿದ ದಾರ ತಂದು ಬೆರಳ ತುದಿಯ ಹೊರಮೈಗೆ ಗುರುತು ಹಾಕಿದ್ದಾರೆ, ತಂದೆಗೆ ಜೀನ್ಸಿನ ಕಿತ್ತಳೆ ದಾರ, ಮಗನಿಗೆ ನೀಲಿ.

ತಂದೆಯ ಎಡಗಾಲಿನದು ಇನ್ನೂ ಪೂರ್ತಿ ಸರಿಹೋಗಿಲ್ಲ. ಆ ಪಾದ ಅರ್ಧ ಸೆಂಟಿಮೀಟರ್ ಗಿಡ್ಡ, ಶೂ ಎರಡೂ 11. ಹಾಗಾಗಿ ಎಡ ಹಿಮ್ಮಡಿ ಬಲಕ್ಕಿಂತ ಜಾಸ್ತಿ ಎದ್ದೇಳುತ್ತದೆ, ಶಿಫ್ಟಿನ ಕೊನೆಗೆ ಸಾಕ್ಸ್ ಸ್ವಲ್ಪ ಇಳಿದಿರುತ್ತದೆ. ಎಡ ಶೂಗೆ ಮಾತ್ರ ಇನ್ನೊಂದು ಇನ್‌ಸೋಲ್ ಹಾಕಿ ನೋಡಿದರು, ಬೆರಳ ಮೇಲ್ಭಾಗ ಸ್ಟೀಲ್ ಟೋಗೆ ತಾಗತೊಡಗಿತು. ತೆಗೆದುಬಿಟ್ಟರು. ಮುಂದಿನ ಸಲ ಶೂ ಕೊಡುವಾಗ 10ನೇ ನಂಬರಿನಲ್ಲೇ ಅಗಲದ ಮಾಡೆಲ್ ಕೇಳಿ, ಹೊಸ ಸಾಕ್ಸ್ ಹಾಕಿಕೊಂಡೇ ಅಳತೆ ಕೊಡಿ ಎಂದು ಹೇಳಿದ್ದೇನೆ. ಸಿಗದಿದ್ದರೆ ಎಡ ಹಿಮ್ಮಡಿಯ ಹಿಂದೆ ಅಂಟಿಸುವ ಪ್ಯಾಡ್ ಬರುತ್ತದೆ, ಅದು ಉದ್ದದ ಸಡಿಲವನ್ನು ಹಿಂದಿನಿಂದ ತುಂಬುತ್ತದೆ, ಬೆರಳನ್ನು ಮೇಲಕ್ಕೆ ಎತ್ತುವುದಿಲ್ಲ.